ಐನೂರು ಮೀಟರ್ ದಾಟಿದರೆ ಅಮಲು ಇಳಿಯುತ್ತದಂತೆ

ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿದ್ದೇ ತಡ, ದೇಶವೆಲ್ಲ ಟೇಪು ಹಿಡಿದು ನಿಂತಿತು. ಕೇರಳದ ಉತ್ತರ ಪರವೂರಿನ ಒಂದು ಬಾರ್ ಜಾಗವನ್ನೇನೂ ಬದಲಿಸಲಿಲ್ಲ. ಬಾಗಿಲಿಗೆ ಹೋಗುವ ದಾರಿಗೆ ಅಡ್ಡಡ್ಡ ಗೋಡೆ ಕಟ್ಟಿ, ಗಿರಾಕಿಯನ್ನು ಸುತ್ತಿಸಿ ಸುತ್ತಿಸಿ ದೂರ ಹೆಚ್ಚಿಸಿತು. ಕೆಲವು ರಾಜ್ಯಗಳು ಇನ್ನೂ ಜಾಣ. ಊರೊಳಗಿನ ಹೆದ್ದಾರಿಗೆ ಇದ್ದ ‘ಹೆದ್ದಾರಿ’ ಎಂಬ ಹೆಸರನ್ನೇ ಕಿತ್ತುಹಾಕಿದವು. ರಸ್ತೆ ಅದೇ, ಲಾರಿ ಅದೇ, ಕತ್ತಲೂ ಅದೇ.

ಯಾರೂ ಟೇಪು ಹಿಡಿಯದ ದೂರ ಒಂದಿದೆ. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆಯವನು ಬೈಕಿನವನ ಕಣ್ಣಿಗೆ ಬೀಳುವುದೇ ಸುಮಾರು 30 ಮೀಟರ್ ಹತ್ತಿರ ಬಂದ ಮೇಲೆ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕುಡಿದವನಿಗೆ ‘ಅಯ್ಯೋ, ಮನುಷ್ಯ’ ಎಂದು ಹೊಳೆದು ಕೈ ಬ್ರೇಕಿಗೆ ಹೋಗಲು ಎರಡು ಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ, ಅಷ್ಟರಲ್ಲಿ 33 ಮೀಟರ್ ಮುಗಿದಿರುತ್ತದೆ. ಬ್ರೇಕ್ ಮುಟ್ಟುವ ಮೊದಲೇ, ಪೂರಾ 60ರಲ್ಲೇ ಗುದ್ದಿರುತ್ತಾನೆ. ಅದೇ ಕುಡಿಯದವನು 40ರಲ್ಲಿ ಬಂದು ಒಂದೂವರೆ ಸೆಕೆಂಡಿನಲ್ಲಿ ಬ್ರೇಕ್ ಹಿಡಿದರೆ, ಒಣ ರಸ್ತೆಯಲ್ಲಿ 27 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತಾನೆ. ಒಬ್ಬ ಬದುಕುವುದು ಆ ಮೂರು ಮೀಟರಿನಲ್ಲಿ.

ಇನ್ನು ನಮ್ಮ ಬುದ್ಧಿವಾದ ನೋಡಿ. ‘ಗಾಡಿ ಇಲ್ಲೇ ಬಿಡಪ್ಪ, ನಡ್ಕೊಂಡು ಹೋಗು.’ ಗಾಡಿ ಬಿಟ್ಟದ್ದು ಸರಿ. ಆದರೆ ಫುಟ್‌ಪಾತ್ ಇಲ್ಲದ, ದೀಪ ಉರಿಯದ ರಸ್ತೆಯಲ್ಲಿ ಅವನನ್ನು ಒಬ್ಬನೇ ಕಳಿಸಿದರೆ, ಮೇಲಿನ ಲೆಕ್ಕದ ಕಪ್ಪು ಶರ್ಟಿನವನು ಅವನೇ ಅಲ್ವಾ? ಎದುರು ಬರುವ ಗಾಡಿಯ ವೇಗ ಅವನಿಗೂ ಅಂದಾಜಾಗುವುದಿಲ್ಲ. ಆಟೊ ಹತ್ತಿಸಿ, ಇಲ್ಲವೇ ಕುಡಿಯದವನೊಬ್ಬ ಮನೆತನಕ ಜೊತೆಗೆ ಹೋಗಲಿ. ಬಾರ್ ಎದುರು ಒಂದು ದೀಪ, ಎರಡು ಹಂಪ್, ದಾಟಲು ಒಂದು ಜಾಗ ಮಾಡಿದರೆ ಟೇಪಿಗಿಂತ ಜಾಸ್ತಿ ಉಪಯೋಗ, ಆದರೆ ಅದಕ್ಕೆ ಸುತ್ತೋಲೆ ಬೇಕು.

ಕುಡಿದವನು ಬೀಳುವುದೂ ಬೇರೆ ಥರ. ಕೈ ಊರುವಷ್ಟು ಚುರುಕಿರುವುದಿಲ್ಲ, ತಲೆಯೇ ಮೊದಲು ನೆಲಕ್ಕೆ ಬಡಿಯುತ್ತದೆ. ಪೊಲೀಸರಿಗೆ ತೋರಿಸಲೆಂದು ಹಾಕಿದ ಹೆಲ್ಮೆಟ್, ಪಟ್ಟಿ ಬಿಗಿದಿಲ್ಲವಾದ್ದರಿಂದ, ಅವನಿಗಿಂತ ಮೊದಲೇ ಚರಂಡಿ ಸೇರಿರುತ್ತದೆ. ಸುತ್ತ ಸೇರಿದವರು ಮೂಗು ಮುಚ್ಚಿಕೊಂಡು ‘ಏನಿಲ್ಲ, ಎಣ್ಣೆ ಜಾಸ್ತಿ ಆಗಿದೆ, ಮಲಗಿಸಿ, ಬೆಳಿಗ್ಗೆ ಇಳಿಯುತ್ತೆ’ ಎಂದು ತೀರ್ಪು ಕೊಡುತ್ತಾರೆ. ವಾಂತಿ, ತೊದಲು ಮಾತು, ಜೋಂಪು ಎಲ್ಲವೂ ಕುಡಿತದಿಂದಲೂ ಬರುತ್ತವೆ, ತಲೆಯೊಳಗೆ ರಕ್ತ ಸೋರಿದರೂ ಬರುತ್ತವೆ. ರಸ್ತೆಬದಿಯಲ್ಲಿ ನಿಂತು ಮೂಸಿ ನೋಡಿ ಇದು ಯಾವುದು ಎಂದು ಹೇಳಲು ಯಾರಿಂದಲೂ ಆಗದು. ತಲೆಗೆ ಪೆಟ್ಟು ಬಿದ್ದ ಕುಡುಕನನ್ನು ‘ನಿದ್ದೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಬಿಟ್ಟು ಹೋಗಬೇಡಿ, ಕತ್ತು ಅಲುಗಾಡದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಬೈಯುವುದಿದ್ದರೆ ಸ್ಕ್ಯಾನ್ ಆದ ಮೇಲೆ ಬೈಯಿರಿ, ಆಗ ಅವನಿಗೂ ಸರಿಯಾಗಿ ಕೇಳಿಸುತ್ತದೆ.