ಹಣೆಯ ಫೋಟೋ ನೋಡಿ ‘ಹುಳ’ ಅಂದವರಿಗೆ

ಬೆಳಿಗ್ಗೆ ಬಂದ ಸಿಟ್ಟು ರಾತ್ರಿಯಾದರೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೈಟ್ ಡ್ಯೂಟಿ ಮುಗಿಸಿ ಬಾಗಲಕೋಟೆಯ ಮನೆಗೆ ಬಂದು ಫೋನ್ ತೆಗೆದೆ. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅಣ್ಣನ ಹಣೆಯ ಫೋಟೋ. ನಿನ್ನೆ ಸಂಜೆ ಜಮಖಂಡಿ ಕಡೆಯ ನಮ್ಮೂರಿಂದ ವೈನಿ ಕಳಿಸಿದ್ದು. ಬಲ ಹುಬ್ಬಿನ ಮೇಲೆ ಕೆಂಪು ಪಟ್ಟಿ, ನಾಲ್ಕೈದು ನೀರ್ಗುಳ್ಳೆ. ಕೆಳಗೆ 17 ಮೆಸೇಜು. "ಹುಳಾ ಮುಟ್ಟೇತಿ." "ಜೇಡ ಉಚ್ಚಿ ಹೊಯ್ದೈತಿ." ಕಾಕಾ ಅವರಂತೂ ತೀರ್ಪನ್ನೇ ಕೊಟ್ಟಿದ್ದರು: "ಮೊನ್ನೆ ನಮ್ಮ ಹುಡುಗಗ ಆಗಿತ್ತಲ್ಲ, ಅದ ಇದು. ಡಾಕ್ಟರ್ ಬ್ಯಾಡ."

ಕಾಕಾ ಹೇಳಿದ ಹುಡುಗನ ಫೋಟೋವನ್ನೂ ನಾನು ನೋಡಿದ್ದೆ. ಕುತ್ತಿಗೆ ಮೇಲೆ ಅಂಥದ್ದೇ ಕೆಂಪು ಗೆರೆ, ಅಂಥದ್ದೇ ಗುಳ್ಳೆ. ಅದು ಹುಳವೇ. ಮಳೆ ಬಿದ್ದ ಮೇಲೆ ಟ್ಯೂಬ್‌ಲೈಟಿಗೆ ಬರುತ್ತದಲ್ಲ, ಇರುವೆ ಹಾಗೆ ಉದ್ದ, ಕಪ್ಪು-ಕಿತ್ತಳೆ ಪಟ್ಟೆಯದ್ದು, ಅದು. ಕಚ್ಚುವುದಿಲ್ಲ. ನಿದ್ದೆಗಣ್ಣಲ್ಲಿ ನಾವು ಉಜ್ಜಿ ಸಾಯಿಸಿದಾಗ ಅದರ ಮೈಯೊಳಗಿನ ರಸ ಚರ್ಮವನ್ನು ಸುಡುತ್ತದೆ. ಸುಟ್ಟದ್ದು ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಕಾಣುತ್ತದೆ. ಕೈ ಎಳೆದ ದಾರಿಯಲ್ಲೇ ಗೆರೆ ಮೂಡುತ್ತದೆ. ಮೊಣಕೈ ಮಡಿಕೆಯಲ್ಲಾದರೆ ಎದುರಿನ ಚರ್ಮಕ್ಕೂ ಅದೇ ಅಚ್ಚು ಬೀಳುತ್ತದೆ. ಆ ಹುಡುಗನ ಕುತ್ತಿಗೆಗೂ ಆ ರಸವೇ ತಾಗಿತ್ತು. ಸಾಬೂನಿನಿಂದ ತೊಳೆದುಕೊಂಡ, ವಾರ ಹತ್ತು ದಿನದಲ್ಲಿ ಒಣಗಿತು, ಕಪ್ಪು ಕಲೆ ಉಳಿಯಿತು. ಕಣ್ಣಿಗೆ ತಾಗದಿದ್ದರೆ ಅಷ್ಟೇ ಕಥೆ.

ಆದರೆ ಫೋಟೋ ಫೋಟೋಗೆ ಹೋಲಿತು ಅಂತ ರೋಗವೂ ಒಂದೇ ಆಗುತ್ತದೇನು?

ಅಣ್ಣನಿಗೆ ಫೋನ್ ಮಾಡಿದೆ. ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ನೋವು ಬಂತೋ, ಗುಳ್ಳೆ ಬಂದ್ವೋ?"

"ಶನಿವಾರದಿಂದ ತಲಿ ಒಂದು ಬದಿ ಉರೀತಿತ್ತವಾ. ಹಣಗಿ ಮುಟ್ಟಿಸಿದರೂ ನೋವು. ಗುಳ್ಳಿ ನಿನ್ನೆ ಮುಂಜಾನೆ ಎದ್ದಾವು."

ಎರಡು ದಿನ ಮೊದಲೇ ಉರಿ. ಎಡಗಡೆ ಏನೂ ಇಲ್ಲ. ವಯಸ್ಸು 58. ಇದು ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಕಾಯಿಲೆ ಇದೆಯಲ್ಲ, ಚಿಕನ್‌ಪಾಕ್ಸ್, ಅದರ ವೈರಸ್ ನರದಲ್ಲಿ ಮಲಗಿದ್ದು ಮತ್ತೆ ಎದ್ದಿದೆ. ನರದ ದಾರಿಯಲ್ಲೇ ಬರುತ್ತದೆ, ಅದಕ್ಕೇ ಒಂದೇ ಬದಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಗುಳಿಗೆ ಶುರುವಾದರೆ ಹೆಚ್ಚು ಲಾಭ. ನಮ್ಮವರು ಅದರಲ್ಲಿ ಒಂದು ಇಡೀ ದಿನವನ್ನು ಜೇಡನ ಉಚ್ಚೆಗೆ ಕೊಟ್ಟಿದ್ದರು.

ಇನ್ನೊಂದು ಫೋಟೋ ಕೇಳಿದೆ. ಫ್ಲ್ಯಾಶ್ ಬೇಡ, ಬಾಗಿಲ ಬೆಳಕಿನಲ್ಲಿ, ಮೊದಲು ಪೂರ್ತಿ ಮುಖ, ಆಮೇಲೆ ಮೂಗು. ನಿನ್ನೆಯದರಲ್ಲಿ ಬ್ಯೂಟಿ ಮೋಡ್ ಆನ್ ಇತ್ತು. (ಐವತ್ತೆಂಟರ ಅಣ್ಣನಿಗೆ ಬ್ಯೂಟಿ ಮೋಡ್!) ಅದು ಸಣ್ಣ ಗುಳ್ಳೆಗಳನ್ನೆಲ್ಲ ನುಣ್ಣಗೆ ಅಳಿಸಿ ಹಾಕಿತ್ತು. ಹೊಸ ಫೋಟೋದಲ್ಲಿ ಮೂಗಿನ ತುದಿಗೆ ಒಂದು ಗುಳ್ಳೆ. ನನ್ನ ಎದೆ ಧಸಕ್ ಅಂತು. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿನೊಳಕ್ಕೂ ಹೋಗುತ್ತದೆ. ಅಲ್ಲಿ ಗುಳ್ಳೆ ಬಂದರೆ ಕಣ್ಣಿಗೂ ತಾಗುವ ಅಪಾಯ ಜಾಸ್ತಿ. ಕಣ್ಣು ಕೆಂಪಾಗುವವರೆಗೆ ಕಾಯುವ ಹಾಗಿಲ್ಲ.

"ಸಿಟಿಗೆ ಹೋದರೆ ಒಂದು ದಿನದ ದುಡಿಮೆ ಹೋಗತೈತಿ, ಈಗ ಡಾಕ್ಟರೂ ಫೋಟೋ ನೋಡೇ ಔಷಧ ಬರೀತಾರಲ್ಲ" ಅಂತ ಕಾಕಾ ಗುಂಪಿನಲ್ಲಿ ಹಾಕಿದರು. ದುಡಿಮೆಯ ಮಾತು ನಿಜ, ಒಪ್ಪುತ್ತೇನೆ. ಆದರೆ ಫೋಟೋ ನೋಡುವ ಡಾಕ್ಟರು ಯಾವಾಗಿಂದ, ಎಲ್ಲಿ ಮೊದಲು, ಜ್ವರ ಇದೆಯಾ ಅಂತ ಕೇಳುತ್ತಾರೆ. 17 ಮೆಸೇಜಿನಲ್ಲಿ ಒಂದಾದರೂ ಪ್ರಶ್ನೆ ಇತ್ತಾ? ಉರಿ ಫೋಟೋದಲ್ಲಿ ಕಾಣುವುದಿಲ್ಲ ಕಾಕಾ. ಶನಿವಾರವೂ ಕಾಣುವುದಿಲ್ಲ.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ಪಕ್ಕದ ಮನೆಯ ಅಜ್ಜಿಯ ಬೆನ್ನಿನ ಫೋಟೋವನ್ನು ಡ್ಯೂಟಿ ನಡುವೆ ನೋಡಿ "ಹುಳ ಅಜ್ಜಿ, ಲ್ಯಾಕ್ಟೋ ಕ್ಯಾಲಮೈನ್ ಹಚ್ಚಿ" ಅಂದಿದ್ದೆ. ಪ್ರಶ್ನೆ ಕೇಳಲಿಲ್ಲ. ಅದೂ ಸರ್ಪಸುತ್ತೇ ಆಗಿತ್ತು. ಗುಳ್ಳೆ ಒಣಗಿದವು, ನೋವು ಎಂಟು ತಿಂಗಳು ಉಳಿಯಿತು. ಸೀರೆಯ ಸೆರಗು ತಾಗಿದರೂ ಹಲ್ಲು ಕಚ್ಚುತ್ತಿದ್ದರು. ಬೇಗ ಹೋಗಿದ್ದರೆ ನೋವು ಬರುತ್ತಲೇ ಇರಲಿಲ್ಲ ಅಂತ ಹೇಳಲಾರೆ. ಆದರೂ ಅಜ್ಜಿಯ ಮುಖ ಕಂಡಾಗ ಈಗಲೂ ಬೇರೆ ಕಡೆ ನೋಡುತ್ತೇನೆ.

ಅಣ್ಣ ಮಧ್ಯಾಹ್ನ ಬಾಗಲಕೋಟೆಗೆ ಬಂದ. ಚರ್ಮದ ಡಾಕ್ಟರು ದಿನಕ್ಕೆ ಐದು ಸಲದ ಗುಳಿಗೆ ಬರೆದರು. ಕಣ್ಣಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸದ್ಯಕ್ಕೆ ಕರಿಗುಡ್ಡೆ ಚೆನ್ನಾಗಿದೆ, ಮೂರು ದಿನ ಬಿಟ್ಟು ಮತ್ತೆ ಬನ್ನಿ, ಕಣ್ಣು ಮಂಜಾದರೆ ಅವತ್ತೇ ಬನ್ನಿ ಅಂದರು. ಈಗ ನಮ್ಮ ಹಾಲ್‌ನಲ್ಲಿ ಮಲಗಿದ್ದಾನೆ. ದಿಂಬಿಗೆ ಹಣೆ ತಾಗಿದಾಗೆಲ್ಲ ನರಳುತ್ತಾನೆ.

ಚೀಟಿಯ ಫೋಟೋ ಗುಂಪಿಗೆ ಹಾಕಿದೆ. ಕಾಕಾ ಉತ್ತರ ಬಂತು: "ಆದರೂ ಹುಳಾನ ಇರಬೇಕು."