ನೀವು ಹೋದ ಮೇಲೆ ಪೂರ್ತಿ ವಾಪಸ್

ನಮ್ಮ ಮಾವನಿಗೆ 60 ತುಂಬಿತು, ಕೈಗೆ 10 ಲಕ್ಷ ಬಂತು. ಮರುದಿನವೇ ಆನ್ಯುಟಿ, ಅಂದರೆ ಒಂದೇ ಸಲ ದುಡ್ಡು ಕಟ್ಟಿದರೆ ಬದುಕಿರುವವರೆಗೆ ಪೆನ್ಷನ್ ಕೊಡುವ ಪಾಲಿಸಿ, ಮಾರುವ ಏಜೆಂಟ್ ಫೈಲು ಹಿಡಿದು ಬಂದ.

"ಅಸಲು ವಾಪಸ್ ಬರುತ್ತೇನಪ್ಪಾ?"

"ಪೂರ್ತಿ ಬರುತ್ತೆ ಸರ್."

"ಯಾವಾಗ?"

ಏಜೆಂಟ್ ಕೆಮ್ಮಿದ. ಅಸಲು ಬರುವುದು ಮಾವ ಹೋದ ಮೇಲೆ, ನಾಮಿನಿಗೆ. ಅದನ್ನು ಸಭ್ಯವಾಗಿ ಹೇಳುವುದು ಹೇಗೆ ಅಂತ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತೆ.

ದರಗಳು ಬದಲಾಗುತ್ತಲೇ ಇರುತ್ತವೆ, ಅವನು ಬರೆದು ತೋರಿಸಿದ ಲೆಕ್ಕ ಹೀಗಿತ್ತು. ಅಸಲು ವಾಪಸ್ ಬೇಡ ಅಂದರೆ ವರ್ಷಕ್ಕೆ 80,000, ಸಾಯುವವರೆಗೂ ಅಷ್ಟೇ. ಅಸಲು ವಾಪಸ್ ಬೇಕಾದರೆ 65,000. ಮೂರನೆಯದು ಏರುವ ಪೆನ್ಷನ್, ಅಸಲಿನ ಆಸೆ ಬಿಟ್ಟವರಿಗೆ. ಶುರು 64,000, ಆಮೇಲೆ ವರ್ಷಕ್ಕೆ 3% ಜಾಸ್ತಿ.

"ಬೆಲೆ ಏರಿಕೆಗೆ ಇದೇ ಮದ್ದು ಸರ್" ಅಂದ.

ಮದ್ದಿನ ಡೋಸು ನೋಡಿ. ಈ 3% ಸರಳ ಲೆಕ್ಕದ್ದು, ಚಕ್ರಬಡ್ಡಿಯಲ್ಲ. ಮೊದಲ ವರ್ಷದ 64,000ಕ್ಕೆ 3% ಅಂದರೆ 1,920. ಪ್ರತಿ ವರ್ಷ ಅದೇ 1,920. 25ನೇ ವರ್ಷಕ್ಕೆ ಪೆನ್ಷನ್ 1,10,080 ಆಗಿರುತ್ತೆ, ಆಗ 1,920 ಅಂದರೆ 2% ಕೂಡ ಇಲ್ಲ. ವಯಸ್ಸಾದಂತೆ ಏರಿಕೆಗೂ ಮಂಡಿನೋವು. ರಿಸರ್ವ್ ಬ್ಯಾಂಕಿಗೆ ಕೇಂದ್ರ ಸರ್ಕಾರ ಕೊಟ್ಟಿರುವ ಹಣದುಬ್ಬರದ ಗುರಿಯೇ 4%. ಎಲ್ಲವೂ ಗುರಿಯಂತೆ ನಡೆದರೂ ಅಷ್ಟು ಹೊತ್ತಿಗೆ ಮೊದಲ ವರ್ಷದ ಸಾಮಾನು ಕೊಳ್ಳಲು 1,64,000 ಬೇಕು. ಬೆಲೆ ಬಸ್ಸು ಹತ್ತಿ ಹೋಯಿತು, ಪೆನ್ಷನ್ ನಡೆದುಕೊಂಡು ಬರುತ್ತಿದೆ.

ಆದರೂ 80,000ದವನನ್ನು ಇದು ಹಿಂದೆ ಹಾಕುತ್ತೆ ಅಲ್ವಾ? ಹಾಕುತ್ತೆ. ವರ್ಷದ ಮೊತ್ತ 10ನೇ ವರ್ಷದಲ್ಲಿ ದಾಟುತ್ತೆ. ಅಲ್ಲಿಯವರೆಗೆ ಕಮ್ಮಿ ತಿಂದದ್ದನ್ನೂ ಸೇರಿಸಿದರೆ ಒಟ್ಟು ಲೆಕ್ಕ ದಾಟುವುದು 18ನೇ ವರ್ಷದಲ್ಲಿ. 78ರ ಹತ್ತಿರ ಗೆಲುವು, ಬದುಕಿದ್ದರೆ.

ಮಾವ ಇದನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ ಅಸಲು ವಾಪಸ್ ಇರುವುದಕ್ಕೇ ಸಹಿ ಹಾಕಿದರು. "ದುಡ್ಡು ಕಂಪನಿಯವನಿಗೆ ಸುಮ್ನೆ ಯಾಕೆ ಬಿಡಬೇಕು?"

ಸುಮ್ನೆ ಅಲ್ಲ ಮಾವ, ವರ್ಷಕ್ಕೆ 15,000 ಬಿಟ್ಟಿರಿ. ಅದು ಮಗನ ಹೆಸರಿಗೆ ನೀವು ಕಟ್ಟುವ ವಿಮೆಯ ಕಂತು, ರಸೀದಿ ಮಾತ್ರ ಇಲ್ಲ. ಬೇಗ ಹೋದರೆ ಮಗನಿಗೆ ಲಾಭದ ವ್ಯಾಪಾರ, ಒಪ್ಪಿದೆ. ಆದರೆ 85ರವರೆಗೆ ಇದ್ದರೆ ಆ ಕಂತುಗಳನ್ನೇ 7%ಗೆ ಹಾಕಿದ್ದರೂ ಒಂಬತ್ತೂವರೆ ಲಕ್ಷದ ಹತ್ತಿರ ಆಗುತ್ತಿತ್ತು. ವಾಪಸ್ ಬರುವ 10 ಲಕ್ಷವೋ, ಅದೇ 4% ಏರಿಕೆಯಲ್ಲಿ ಇವತ್ತಿನ ಲೆಕ್ಕಕ್ಕೆ 3.75 ಲಕ್ಷ.

ಈಗ ಮಾವನಿಗೆ ತಿಂಗಳಿಗೆ 1,250 ಕಮ್ಮಿ ಬೀಳುತ್ತಿದೆ. ಬಿಪಿ ಮಾತ್ರೆಗೆ ಆ ದುಡ್ಡು ಮಗನೇ ಕಳಿಸುತ್ತಾನೆ. ಮಾವ ಅದನ್ನು ಡೈರಿಯಲ್ಲಿ "ಮಗನಿಂದ ಸಾಲ" ಅಂತ ಬರೆದಿಡುತ್ತಾರೆ.