ಆ ‘ತುಂಬಾ’ ಬೇಕಾ?

ಮಾತಿನಲ್ಲಿ ‘ತುಂಬಾ’ ಯಾರಿಗೂ ಭಾರವಲ್ಲ. ‘ತುಂಬಾ ಚೆನ್ನಾಗಿತ್ತು ಕಣ್ರೀ’ ಅನ್ನುವಾಗ ದನಿ, ಕಣ್ಣು, ಕೈ ಎಲ್ಲ ಸೇರಿ ಅದಕ್ಕೆ ಜೀವ ಕೊಡುತ್ತವೆ. ಕತೆಯಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಅದು ಸುಮ್ನೆ ಜಾಗ ಹಿಡಿದು ಕೂತಿರುತ್ತದೆ.

ಈ ಸಾಲುಗಳನ್ನು ನೋಡಿ: ‘ಅತ್ತೆ ತುಂಬಾ ಸಿಟ್ಟಿನಿಂದ ಬಾಗಿಲನ್ನು ಬಹಳ ಜೋರಾಗಿ ಹಾಕಿದರು. ಅಡುಗೆಮನೆಯಲ್ಲಿ ನಿಜಕ್ಕೂ ತುಂಬಾ ಕತ್ತಲೆಯಿತ್ತು. ಅವರಿಗೆ ವಿಪರೀತ ಬೇಜಾರಾಯಿತು.’

ಜೋರಾಗಿ ಹಾಕುವುದಕ್ಕೆ ನಮ್ಮಲ್ಲಿ ‘ದಡಾರನೆ’ ಇದೆ. ಅದು ಬಂದರೆ ಸಿಟ್ಟಿನ ಮಾತೇ ಬೇಡ, ಬಾಗಿಲೇ ಹೇಳುತ್ತದೆ. ಕತ್ತಲೆಗೆ ‘ಕಗ್ಗತ್ತಲೆ’ ಅಂತ ಬರೆದು ಕೈತೊಳೆದುಕೊಳ್ಳಬಹುದು. ಆದರೆ ಆ ಪದ ಸವೆದು ಹೋಗಿದೆ. ಕತ್ತಲೆ ಅತ್ತೆಗೆ ಏನು ತೊಂದರೆ ಕೊಟ್ಟಿತು ಅಂತ ಕೇಳಿಕೊಳ್ಳುವುದು ವಾಸಿ. ಬೇಜಾರಿಗೂ ಅಷ್ಟೇ, ಬೇಜಾರಾಗಿ ಏನು ಮಾಡಿದರು?

‘ಅತ್ತೆ ಬಾಗಿಲನ್ನು ದಡಾರನೆ ಹಾಕಿದರು. ಅಡುಗೆಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ತಡಕಾಡಿದರು. ಸಿಕ್ಕಿದ್ದು ಉಪ್ಪಿನ ಭರಣಿ. ಹುಡುಕುವುದನ್ನು ಬಿಟ್ಟು ಅಲ್ಲೇ ಮಣೆಯ ಮೇಲೆ ಕೂತರು.’

ಪದಗಳೇನೂ ಕಮ್ಮಿಯಾಗಲಿಲ್ಲ, ಒಂದೆರಡು ಜಾಸ್ತಿಯೇ ಆದವು. ಅಳತೆ ಹೇಳುವ ಪದ ಹೋಗಿ ಭರಣಿ, ಮಣೆ ಬಂದವು, ಅಷ್ಟೇ.

ಇಲ್ಲಿ ಎಡವುವುದೂ ಸುಲಭ. ಕೆಲವರು ‘ತುಂಬಾ’ ತೆಗೆದು ‘ಅತ್ಯಂತ’ ಹಾಕುತ್ತಾರೆ. ಅದು ಅದೇ ಆಸಾಮಿ, ಪೇಟ ಸುತ್ತಿಕೊಂಡು ಬಂದಿದ್ದಾನೆ. ಇನ್ನು ಕೆಲವರಿಗೆ ‘ದಡಾರನೆ’ಯ ರುಚಿ ಹತ್ತಿ, ಮುಂದಿನ ಸಾಲಿನಲ್ಲಿ ‘ಸರ್ರನೆ’, ಅದರ ಮುಂದೆ ‘ಗಬಕ್ಕನೆ’. ಪುಟವಿಡೀ ಪಟಾಕಿ.

ಕಂಪ್ಯೂಟರಿನಲ್ಲಿ ‘ತುಂಬಾ’ ಹುಡುಕಿ ಒಂದೇ ಏಟಿಗೆ ಅಳಿಸುವುದೂ ಅಪಾಯ. ‘ಮನೆ ತುಂಬಾ ನೆಂಟರು’ ಅನ್ನುವಲ್ಲಿ ಅದು ಕೆಲಸ ಮಾಡುತ್ತಿದೆ. ‘ಊರು ತುಂಬಾ ದೂರವಿಲ್ಲ’ ಅಂದರೆ ಇನ್ನೂ ಸ್ವಲ್ಪ ನಡೆಯಬೇಕು. ‘ಊರು ದೂರವಿಲ್ಲ’ ಅಂದರೆ ಬಂದೇಬಿಟ್ಟಿತು. ‘ಮೆಲ್ಲಗೆ ಬಾಗಿಲು ತೆಗೆದ’ ಅನ್ನುವಲ್ಲಿ ‘ಮೆಲ್ಲಗೆ’ ತೆಗೆದರೆ ಕಳ್ಳ ನೆಂಟನಾಗಿಬಿಡುತ್ತಾನೆ. ಹಾಗಾಗಿ ಪದವನ್ನು ಬಿಟ್ಟು ಸಾಲನ್ನು ಒಮ್ಮೆ ಓದಬೇಕು. ನಡೆದದ್ದೇ ಬದಲಾದರೆ ವಾಪಸ್ ಇಡಬೇಕು.

ಪಾತ್ರಗಳ ಬಾಯಿಗೆ ಮಾತ್ರ ಕತ್ತರಿ ಬೇಡ. ಹೆಣ್ಣು ನೋಡಲು ಬಂದ ಮಾವನವರು ‘ಉಪ್ಪಿಟ್ಟು ತುಂಬಾ ತುಂಬಾ ಚೆನ್ನಾಗಿದೆ’ ಅಂದರೆ ಎರಡು ‘ತುಂಬಾ’ವೂ ಇರಲಿ. ಸಂಬಂಧ ಕೂಡುವುದಿಲ್ಲ ಅಂತ ಓದುಗರಿಗೆ ಅಲ್ಲೇ ಗೊತ್ತಾಗುತ್ತದೆ.